ಪತ್ರದಲ್ಲಿ ನೀನು, ನೀವು, ತಾವು: ನಾನು ಆರಿಸುವ ಬಗೆ

ಬೇರೆಯವರಿಗಾಗಿ ಪತ್ರ ಬರೆದುಕೊಡುವಾಗ, ಬರೆದದ್ದನ್ನು ತಿದ್ದಿಕೊಡುವಾಗ ನನ್ನ ಕೈ ಹೆಚ್ಚು ಓಡುವುದು ‘ನೀನು–ನೀವು–ತಾವು’ಗಳ ಮೇಲೆ. ಯಾರಿಗೆ ಯಾವುದು ಎಂಬುದು ಬಹುಪಾಲು ಜನರಿಗೆ ಗೊತ್ತಿರುತ್ತದೆ. ಆರಿಸಿಕೊಂಡದ್ದನ್ನು ಮೊದಲ ಸಾಲಿನಿಂದ ಸಹಿಯವರೆಗೆ ಹಿಡಿದುಕೊಂಡು ಹೋಗುವಲ್ಲೇ ಅವರು ಎಡವುವುದು.

ಹಾಗಾಗುವುದಕ್ಕೆ ಕಾರಣ ನಮ್ಮ ಕ್ರಿಯಾಪದಗಳಲ್ಲೇ ಇದೆ. ‘ಬಂದರೆ’, ‘ಬರಬೇಕು’, ‘ಬರಬಹುದು’ ಎಂಬ ರೂಪಗಳು ಮೂವರಿಗೂ ಒಂದೇ. ಇಂಥ ನಾಲ್ಕು ವಾಕ್ಯ ಸಾಲಾಗಿ ಬಂದರೆ, ನೀನು ಎಂದು ಶುರು ಮಾಡಿದ್ದೆವೋ ನೀವು ಎಂದೋ ಬರೆಯುವವರಿಗೇ ಮರೆತುಹೋಗುತ್ತದೆ. ಐದನೆಯ ವಾಕ್ಯದಲ್ಲಿ ‘ಚಿಂತಿಸಬೇಡ’ ಬೇಕೋ ‘ಚಿಂತಿಸಬೇಡಿ’ ಬೇಕೋ ಎನ್ನುವಾಗ ಜಾರುತ್ತಾರೆ. ಅದಕ್ಕೇ ನಾನು ಸರ್ವನಾಮಗಳನ್ನು ಮಾತ್ರ ಓದಿ ಬಿಡುವುದಿಲ್ಲ. ‘ಬಂದಿದ್ದೀಯ–ಬಂದಿದ್ದೀರಿ’, ‘ಕಳಿಸು–ಕಳಿಸಿ’, ‘ಬೇಡ–ಬೇಡಿ’ ಹೀಗೆ ಭೇದ ತೋರಿಸುವ ಕ್ರಿಯಾಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಅವನ್ನಷ್ಟೇ ಒಮ್ಮೆ ಮೇಲಿನಿಂದ ಕೆಳಕ್ಕೆ ಓದುತ್ತೇನೆ. ಎಲ್ಲಿ ಜಾರಿದೆ ಎಂಬುದು ಆಗ ತಾನಾಗಿ ಕಾಣುತ್ತದೆ.

‘ತಾವು’ ಇನ್ನೂ ಸೂಕ್ಷ್ಮ. ಎದುರಿಗಿರುವವರನ್ನು ಗೌರವದಿಂದ ಕರೆಯುವ ಪದ ಅದು. ಮೂರನೆಯವರ ಬಗ್ಗೆ ಹೇಳುವಾಗ ‘ಅವರೇ’ ಎಂಬ ಅರ್ಥಕ್ಕೂ ಅದೇ. ‘ಅವರು ತಮ್ಮ ಮನೆಗೆ ಹೋದರು’ ಎಂದರೆ ಅವರದೇ ಮನೆ. ಪತ್ರದಲ್ಲಿ ಈ ಎರಡು ಅರ್ಥ ಒಂದಕ್ಕೊಂದು ಅಡ್ಡ ಬರುತ್ತವೆ. ಕ್ರಿಯಾಪದವನ್ನೂ ಇದು ದಾರಿ ತಪ್ಪಿಸುತ್ತದೆ: ‘ತಾವು ತಿಳಿಸಿದ್ದಾರೆ’ ಎಂದು ಬರೆದುಬಿಡುತ್ತಾರೆ. ಎದುರಿಗಿರುವವರಿಗೆ ಬರೆಯುವಾಗ ‘ತಾವು ತಿಳಿಸಿದ್ದೀರಿ’ ಎಂದೇ ಆಗಬೇಕು.

ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎಂದು ತಹಶೀಲ್ದಾರರಿಗೆ ಕೊಡುವ ಅರ್ಜಿಯನ್ನು ನೋಡಿ. ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ಮಾನ್ಯರೇ, ನನ್ನ ಮತ್ತು ನನ್ನ ತಮ್ಮನ ಜಂಟಿ ಹೆಸರಿನಲ್ಲಿರುವ ಜಮೀನಿನ ಪಹಣಿಯಲ್ಲಿ ನನ್ನ ಹೆಸರು ತಪ್ಪಾಗಿ ನಮೂದಾಗಿದೆ. ಈ ಬಗ್ಗೆ ಕಳೆದ ತಿಂಗಳು ನಿಮಗೆ ಅರ್ಜಿ ಕೊಟ್ಟಿದ್ದೆ. ಗ್ರಾಮ ಆಡಳಿತಾಧಿಕಾರಿಗಳು ತಮ್ಮ ಕಚೇರಿಗೆ ದಾಖಲೆ ತಂದುಕೊಡಲು ಹೇಳಿದರು. ತಾವು ನೋಡಿ ಸರಿ ಮಾಡಿಕೊಡಿ. ಇಂತಿ ನಿಮ್ಮ ವಿಶ್ವಾಸಿ.”

ಇಲ್ಲಿ ‘ನಿಮಗೆ’, ‘ತಾವು’, ‘ನಿಮ್ಮ’ ಮೂರೂ ಕಲಸಿಕೊಂಡಿರುವುದು ಸಣ್ಣ ದೋಷ. ದೊಡ್ಡದು ‘ತಮ್ಮ ಕಚೇರಿ’. ದಾಖಲೆ ತರಲು ಹೇಳಿದ್ದು ಗ್ರಾಮ ಆಡಳಿತಾಧಿಕಾರಿಯ ಕಚೇರಿಗೋ ತಹಶೀಲ್ದಾರರ ಕಚೇರಿಗೋ? ಓದುವ ಗುಮಾಸ್ತರಿಗೆ ತಿಳಿಯುವುದಿಲ್ಲ. ದಾಖಲೆಯನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಇಂಥ ಕಡೆ ಸರ್ವನಾಮವನ್ನೇ ತೆಗೆದು ಕಚೇರಿಯ ಹೆಸರು ಹಾಕುತ್ತೇನೆ:

“ಈ ಬಗ್ಗೆ ಕಳೆದ ತಿಂಗಳು ತಮಗೆ ಅರ್ಜಿ ಸಲ್ಲಿಸಿದ್ದೆ. ದಾಖಲೆಗಳನ್ನು ನಾಡಕಚೇರಿಗೆ ಕೊಡುವಂತೆ ಗ್ರಾಮ ಆಡಳಿತಾಧಿಕಾರಿಗಳು ತಿಳಿಸಿದ್ದರಿಂದ ಅಲ್ಲಿಯೇ ಕೊಟ್ಟಿದ್ದೇನೆ. ಅವುಗಳನ್ನು ಪರಿಶೀಲಿಸಿ ಹೆಸರು ತಿದ್ದುಪಡಿ ಮಾಡಿಕೊಡಬೇಕಾಗಿ ಕೋರುತ್ತೇನೆ. ಇಂತಿ ತಮ್ಮ ವಿಶ್ವಾಸಿ.”

ಇಡೀ ಅರ್ಜಿಯಲ್ಲಿ ತಹಶೀಲ್ದಾರರನ್ನು ಕುರಿತ ಸರ್ವನಾಮ ಎರಡೇ ಸಲ ಬಂದಿದೆ, ಅಷ್ಟು ಸಾಕು. ಗೌರವದ ಹೊರೆಯನ್ನು ‘ಮಾಡಿಕೊಡಬೇಕಾಗಿ ಕೋರುತ್ತೇನೆ’ ಹೊತ್ತುಕೊಂಡಿದೆ. ಸಾಲಿಗೊಂದು ‘ತಾವು’ ಹಾಕಿದರೆ ಗೌರವ ಹೆಚ್ಚುವುದಿಲ್ಲ, ಅಂಗಲಾಚಿದಂತೆ ಕಾಣುತ್ತದೆ. ದೂರಿನ ಪತ್ರದಲ್ಲಂತೂ ‘ತಾವು ಏನೂ ಕ್ರಮ ಕೈಗೊಂಡಿಲ್ಲ’ ಎಂದರೆ ಕುಟುಕಿದಂತಾಗುತ್ತದೆ. ‘ಅರ್ಜಿ ಇದುವರೆಗೆ ವಿಲೇವಾರಿಯಾಗಿಲ್ಲ’ ಎಂದು ವಿಷಯವನ್ನೇ ಮುಂದಿಡುವುದು ಮೇಲು.

ಕಂಪ್ಯೂಟರಿನಲ್ಲಿ ಹುಡುಕಿ ಬದಲಾಯಿಸುವವರಿಗೆ ಒಂದು ಮಾತು. ‘ನಿನ್ನ’ವನ್ನು ಒಟ್ಟಾಗಿ ‘ನಿಮ್ಮ’ ಮಾಡಿದರೆ ‘ನಿನ್ನೆ’ ಎಂಬ ಪದ ‘ನಿಮ್ಮೆ’ ಆಗಿಬಿಡುತ್ತದೆ. ‘ತಮ್ಮ’ವನ್ನು ‘ನಿಮ್ಮ’ ಮಾಡಿದರೆ ಮೇಲಿನ ಅರ್ಜಿಯ ‘ನನ್ನ ತಮ್ಮನ’ ಎಂಬುದು ‘ನನ್ನ ನಿಮ್ಮನ’ ಆಗುತ್ತದೆ. ಕ್ರಿಯಾಪದ ಹಳೆಯದೇ ಉಳಿದು ‘ನೀವು ಬಂದಿದ್ದೀಯ’ ಎಂಬ ವಾಕ್ಯವೂ ಹುಟ್ಟುತ್ತದೆ. ಹುಡುಕುವುದು ಸರಿ, ಬದಲಾಯಿಸುವುದನ್ನು ಮಾತ್ರ ಒಂದೊಂದಾಗಿ ಕಣ್ಣಿಟ್ಟು ಮಾಡಬೇಕು.

ಮನೆಯ ಹಿರಿಯರಿಗೆ ಬರೆಯುವಾಗ ನಾನು ಮೊದಲು ಕೇಳುವುದು ಒಂದೇ: ‘ಎದುರಿಗೆ ಏನೆಂದು ಮಾತಾಡಿಸುತ್ತೀರಿ?’ ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ನೀವು, ಅಮ್ಮನಿಗೆ ನೀನು. ಅಂಥ ಮನೆಯವರು ಪತ್ರದಲ್ಲಿ ಅಮ್ಮನಿಗೆ ‘ತಾವು’ ಎಂದರೆ ಬ್ಯಾಂಕಿನಿಂದ ಬಂದ ಕಾಗದ ಓದಿದ ಹಾಗಾಗುತ್ತದೆ ಆಕೆಗೆ. ಆದರೆ ಒಕ್ಕಣೆಯೂ ಅದಕ್ಕೆ ಹೊಂದಬೇಕು. ‘ಮಾತೃಶ್ರೀಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದು ತೊಡಗಿ, ಮುಂದಿನ ಸಾಲಲ್ಲಿ ‘ನಿನ್ನ ಮಂಡಿನೋವು ಹೇಗಿದೆ’ ಎಂದರೆ ಕಿವಿಗೆ ಚುಚ್ಚುತ್ತದೆ. ನೀನು ಬೇಕೆಂದರೆ ‘ಪ್ರೀತಿಯ ಅಮ್ಮನಿಗೆ’ ಎಂದು ಶುರು ಮಾಡಿ; ‘ತೀರ್ಥರೂಪ ತಂದೆಯವರಿಗೆ’ ಎಂದ ಮೇಲೆ ನೀವು ಬಿಟ್ಟು ಬೇರೆ ಹೊಂದುವುದಿಲ್ಲ. ಇಬ್ಬರಿಗೂ ಸೇರಿಸಿ ಬರೆಯುವ ಪತ್ರದಲ್ಲಿ ‘ನೀವು’ ಇಡಿ. ಅಮ್ಮನಿಗೆಂದೇ ಇರುವ ಮಾತನ್ನು ಬೇರೆ ಪ್ಯಾರಾ ಮಾಡಿ, ‘ಅಮ್ಮಾ’ ಎಂದು ಕರೆದೇ ‘ನೀನು’ ಎನ್ನಿ. ಆಗ ರೂಪ ಬದಲಾದದ್ದು ತಪ್ಪೆನಿಸುವುದಿಲ್ಲ.

ಹಿರಿಯರನ್ನು ಕರೆಯುವ ಪತ್ರದಲ್ಲಿ ಇನ್ನೊಂದು ತೊಡಕು. ‘ನೀವು ಬನ್ನಿ’ ಎಂದರೆ ಅವರೊಬ್ಬರೋ, ಮನೆಮಂದಿಯೆಲ್ಲರೋ? ಗೌರವದ ರೂಪವೂ ಬಹುವಚನವೂ ಒಂದೇ ಆಗಿರುವುದರಿಂದ ಪದ ನೋಡಿ ಹೇಳಲಾಗದು. ಲಗ್ನಪತ್ರಿಕೆಯಲ್ಲಿ ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ’ ಎಂದು ಅಚ್ಚು ಹಾಕಿಸುವುದು ಈ ಅನುಮಾನ ಉಳಿಯದಿರಲಿ ಎಂದೇ. ಕೈಬರಹದ ಪತ್ರದಲ್ಲಿ ಅಷ್ಟು ಭಾರ ಬೇಡ. ‘ನೀವೂ ಅತ್ತೆಯವರೂ ಮಕ್ಕಳೂ’ ಎಂದು ಹೆಸರು ಹಿಡಿದು ಬರೆದರೆ ಸಾಕು. ಇದನ್ನು ಬಿಟ್ಟು ‘ನಮ್ಮನ್ನು ಕರೆಯಲೇ ಇಲ್ಲ’ ಎಂಬ ಮುನಿಸಿಗೆ ದಾರಿಯಾಗಬಾರದು.

ಕಿರಿಯರ ವಿಷಯದಲ್ಲಿ ಕಚೇರಿ ಬೇರೆ, ಮನೆ ಬೇರೆ. ಕಚೇರಿಯ ಜ್ಞಾಪನದಲ್ಲಿ ಕೆಳಗಿನ ನೌಕರರು ಎಷ್ಟೇ ಚಿಕ್ಕವರಾಗಿರಲಿ, ‘ನೀವು’ ಮಾತ್ರ: ‘7 ದಿನಗಳೊಳಗೆ ಲಿಖಿತ ವಿವರಣೆ ನೀಡಲು ನಿಮಗೆ ಸೂಚಿಸಲಾಗಿದೆ.’ ಅಲ್ಲಿ ‘ತಾವು’ ಹಾಕಿದರೆ ಸೂಚನೆಯೋ ಬಿನ್ನಹವೋ ತಿಳಿಯದು. ‘ನೀನು’ ಹಾಕಿದರೆ ಅವಮಾನ. ಮನೆಯ ಕಿರಿಯರಿಗೆ ‘ಚಿರಂಜೀವಿ’, ‘ಆಶೀರ್ವಾದಗಳು’, ‘ನೀನು’ ಜೊತೆಯಾಗಿ ಬರುತ್ತವೆ. ಸದಾ ನೀನು ಎನ್ನುತ್ತಿದ್ದವರಿಗೆ ಒಂದು ಪತ್ರದಲ್ಲಿ ಇದ್ದಕ್ಕಿದ್ದಂತೆ ‘ನೀವು’ ಬಂದರೆ ಕೋಪವೆಂದೇ ಓದಿಕೊಳ್ಳುತ್ತಾರೆ. ಅಳಿಯನ ಮಾತು ಬೇರೆ: ವಯಸ್ಸಿನಲ್ಲಿ ಕಿರಿಯನಾದ್ದರಿಂದ ‘ಚಿ.’, ಸಂಬಂಧದಿಂದ ‘ನೀವು’. ಎರಡೂ ಒಂದೇ ಪತ್ರದಲ್ಲಿ ನಿಲ್ಲುತ್ತವೆ, ಹೆಸರಾದ ಮೇಲೆ ‘ಅವರಿಗೆ’ ಎಂಬುದನ್ನು ಬಿಡದಿದ್ದರೆ ಆಯಿತು.

ಕಷ್ಟವಾಗುವುದು ನಿಮ್ಮ ಕೈಯಲ್ಲಿ ಕಲಿತ ಹುಡುಗಿ ಈಗ ಅಧಿಕಾರಿಯಾಗಿದ್ದಾಗ. ಕಚೇರಿ ಕೆಲಸದ ಅರ್ಜಿಯನ್ನು ಆಕೆಯ ಹುದ್ದೆಗೆ ಬರೆಯಿರಿ, ‘ಮಾನ್ಯರೇ’ ಎಂದು, ‘ತಮ್ಮಲ್ಲಿ ಕೋರುತ್ತೇನೆ’ ಎಂದು. ಆ ಕಾಗದ ಕಡತ ಸೇರುತ್ತದೆ, ಹತ್ತು ಜನ ಓದುತ್ತಾರೆ. ಕುಶಲ ವಿಚಾರಿಸುವುದಿದ್ದರೆ ಅದಕ್ಕೆ ಬೇರೆಯೇ ಕಾಗದ ತೆಗೆದುಕೊಳ್ಳಿ. ಅದರಲ್ಲಿ ‘ನೀನು’ ಎಂದೇ ಬರೆಯಬಹುದು.