ಬಾಣಂತಿಯ ಕಾಫಿ: ಲೋಟ ಎಣಿಸಬೇಡಿ, ಪುಡಿ ಅಳೆಯಿರಿ

ಕೊಡಗಿನಲ್ಲಿ ಬಾಣಂತಿಗೆ ‘ಕಾಫಿ ಬಿಡು’ ಎಂದು ಹೇಳುವುದು ಸುಲಭ, ಬಿಡಿಸುವುದು ಕಷ್ಟ. ಮಗು ನೋಡಲು ಬಂದವರಿಗೆಲ್ಲ ಒಂದೊಂದು ಲೋಟ, ಅವರ ಜೊತೆ ಕೂತ ಬಾಣಂತಿಗೂ ಅರ್ಧ ಲೋಟ. ನಿಜ ಹೇಳಬೇಕೆಂದರೆ ಪೂರ್ತಿ ಬಿಡುವ ಅಗತ್ಯವೇ ಇಲ್ಲ. ದಿನಕ್ಕೆ ಎಷ್ಟು ಕೆಫೀನ್ ಒಳಗೆ ಹೋಗುತ್ತಿದೆ ಎಂದು ಒಮ್ಮೆ ಲೆಕ್ಕ ಹಾಕಿಕೊಂಡರೆ ಸಾಕು.

ಕಾಫಿ, ಟೀ ಎರಡರಲ್ಲೂ ಇರುವ ಕೆಫೀನ್ ರಕ್ತಕ್ಕೆ ಸೇರಿ, ಅಲ್ಲಿಂದ ಎದೆಹಾಲಿಗೆ ಸಲೀಸಾಗಿ ದಾಟುತ್ತದೆ. ಕುಡಿದ ಒಂದೆರಡು ಗಂಟೆಯಲ್ಲಿ ಹಾಲಿನಲ್ಲಿ ಅದು ಅತಿ ಹೆಚ್ಚು ಇರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ರಕ್ತದಲ್ಲಿ ಇಳಿದಂತೆ ಹಾಲಿನಲ್ಲೂ ಇಳಿಯುವುದರಿಂದ, ಹಾಲು ಹಿಂಡಿ ಚೆಲ್ಲುವುದರಿಂದ ಏನೂ ಲಾಭವಿಲ್ಲ. ತಾಯಿ ಕುಡಿದದ್ದರಲ್ಲಿ ಮಗುವಿಗೆ ಸಿಗುವುದು ಸುಮಾರು ನೂರರಲ್ಲಿ ಒಂದು ಪಾಲು ಅಷ್ಟೇ.

ಹಾಗಾದರೆ ಚಿಂತೆ ಯಾಕೆ? ಮಗುವಿನ ಪಿತ್ತಜನಕಾಂಗ ಇನ್ನೂ ಎಳೆಯದು. ದೊಡ್ಡವರ ದೇಹ ಒಳಗೆ ಹೋದ ಕೆಫೀನಿನ ಅರ್ಧವನ್ನು ಸುಮಾರು 5 ಗಂಟೆಯಲ್ಲಿ ಕಳೆದುಬಿಡುತ್ತದೆ. ಈಗಷ್ಟೇ ಹುಟ್ಟಿದ ಮಗುವಿಗೆ ಅಷ್ಟು ಕಳೆಯಲು 3–4 ದಿನ ಬೇಕು. ನಿನ್ನೆಯದು ಖಾಲಿಯಾಗುವ ಮೊದಲೇ ಇವತ್ತಿನದು ಬಂದು ಸೇರುತ್ತದೆ, ಹಾಗೆ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಆರು ತಿಂಗಳ ಹೊತ್ತಿಗೆ ಈ ತೊಂದರೆ ಬಹುತೇಕ ಇರುವುದಿಲ್ಲ. ಅಂದರೆ ಎಚ್ಚರ ಜಾಸ್ತಿ ಬೇಕಾಗಿರುವುದು ಮೊದಲ ಮೂರು ತಿಂಗಳು, ಅದರಲ್ಲೂ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ.

ಲೆಕ್ಕ ಹೇಗೆ?

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಹಾಲುಣಿಸುವ ತಾಯಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್. ಇದನ್ನು ‘ದಿನಕ್ಕೆ ಎರಡು ಕಪ್ ಕಾಫಿ’ ಎಂದು ಹೇಳುವುದುಂಟು. ನಮ್ಮ ಕಡೆ ಆ ಮಾತು ನಂಬುವ ಹಾಗಿಲ್ಲ, ಯಾಕೆಂದರೆ ಕೊಡಗಿನಲ್ಲಿ ರೋಬಸ್ಟಾ ಜಾಸ್ತಿ. ಅದರಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ. ಅಂದಾಜಿಗೆ ಒಂದು ಗ್ರಾಂ ರೋಬಸ್ಟಾ ಪುಡಿಗೆ 20 ಮಿಲಿಗ್ರಾಂ, ಅರೇಬಿಕಾಗೆ 12 ಎಂದು ಹಿಡಿಯಿರಿ. ಚಿಕೋರಿಗೆ ಸೊನ್ನೆ. ಒಂದು ಲೋಟ ಟೀಗೆ 40.

ಮೊದಲು ಒಂದು ಲೋಟಕ್ಕೆ ಎಷ್ಟು ಪುಡಿ ಬೀಳುತ್ತದೆ ಎಂದು ತಿಳಿಯಬೇಕು. ಚಮಚದ ಲೆಕ್ಕ ಒಬ್ಬರ ಕೈಯಿಂದ ಒಬ್ಬರ ಕೈಗೆ ಬದಲಾಗುತ್ತದೆ. ಸುಲಭದ ದಾರಿ, ಪುಡಿಯ ಡಬ್ಬ ಎಷ್ಟು ದಿನ ಬಂತು ಎಂದು ನೋಡುವುದು. ಮನೆಯಲ್ಲಿ ದಿನಕ್ಕೆ ನಾಲ್ಕು ಲೋಟ ಆಗಿ, ಕಾಲು ಕೆಜಿ ಪುಡಿ 9 ದಿನಕ್ಕೆ ಮುಗಿದರೆ, ಅದು 36 ಲೋಟ. ಅಂದರೆ ಲೋಟಕ್ಕೆ ಸುಮಾರು 7 ಗ್ರಾಂ. ಹಾಲು ಜಾಸ್ತಿ ಹಾಕಿ ‘ಲೈಟ್’ ಮಾಡಿದರೆ ಬಣ್ಣ ತಿಳಿಯಾಗುತ್ತದೆ, ಪುಡಿ ಅಷ್ಟೇ ಇದ್ದರೆ ಕೆಫೀನ್ ಇಳಿಯುವುದಿಲ್ಲ.

ಈಗ ಗೋಣಿಕೊಪ್ಪ ಕಡೆಯ ಒಂದು ತೋಟದ ಮನೆ ಎಂದುಕೊಳ್ಳಿ. ಮಗುವಿಗೆ ಮೂರು ವಾರ. ಮನೆಯಲ್ಲೇ ಹುರಿದು ಪುಡಿ ಮಾಡಿದ ರೋಬಸ್ಟಾ, ಚಿಕೋರಿ ಇಲ್ಲ. ತಾಯಿ ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ ಕುಡಿಯುತ್ತಾಳೆ, 7 ಗ್ರಾಂ ಪುಡಿ, 140 ಮಿಲಿಗ್ರಾಂ. ಹನ್ನೊಂದು ಗಂಟೆಗೆ ಇನ್ನೊಂದು, ಮತ್ತೆ 140. ಸಂಜೆ ಟೀ, 40. ರಾತ್ರಿ ತಲೆನೋವು ಬಂತೆಂದು ಅಂಗಡಿಯಿಂದ ತರಿಸಿದ ಮಾತ್ರೆ. ಅದರಲ್ಲೂ ಕೆಫೀನ್ ಸೇರಿದ್ದರೆ ಸುಮಾರು 50. ಒಟ್ಟು 370. ಕುಡಿದದ್ದು ‘ಎರಡೇ ಕಾಫಿ’ ಅಲ್ವಾ, ಆದರೆ ಮಿತಿ ಹತ್ತಿರಹತ್ತಿರ ಎರಡರಷ್ಟಾಯಿತು.

ಮಗುವಿನಲ್ಲಿ ಇದು ಕಾಣುವ ರೀತಿ ಹೀಗೆ: ಹೊಟ್ಟೆ ತುಂಬಿದ್ದರೂ ನಿದ್ದೆ ಹತ್ತುವುದಿಲ್ಲ, ಕಣ್ಣು ಅಗಲ ಬಿಟ್ಟುಕೊಂಡೇ ಇರುತ್ತದೆ, ಕೈಕಾಲು ನಡುಗುತ್ತದೆ, ಸುಮ್ನೆ ಕಿರಿಕಿರಿ. ಜ್ವರ ಇದ್ದರೆ, ಹಾಲು ಬಿಟ್ಟರೆ ಅಥವಾ ಕೈಕಾಲು ಹಿಡಿದುಕೊಂಡರೂ ನಡುಕ ನಿಲ್ಲದಿದ್ದರೆ ಅದನ್ನು ಕಾಫಿಯ ತಲೆಗೆ ಕಟ್ಟಬೇಡಿ, ತಕ್ಷಣ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.

ಇಳಿಸುವುದು ಹೇಗೆ?

ಒಂದೇ ದಿನಕ್ಕೆ ನಿಲ್ಲಿಸಿದರೆ ತಾಯಿಗೆ ತಲೆ ಸಿಡಿಯುತ್ತದೆ. ರೂಢಿಯಾದ ಕೆಫೀನ್ ಸಿಗದಿದ್ದಾಗ ಬರುವ ನೋವು ಅದು. ಅದಕ್ಕೆ ಮತ್ತೆ ಕೆಫೀನ್ ಇರುವ ಮಾತ್ರೆ ನುಂಗಿದರೆ ಸುತ್ತು ಮುಗಿಯುವುದೇ ಇಲ್ಲ. ಮೊದಲು ಹನ್ನೊಂದು ಗಂಟೆಯ ಕಾಫಿಯ ಪುಡಿಯನ್ನು ಅರ್ಧ ಮಾಡಿ. ಎರಡು ಮೂರು ದಿನ ಬಿಟ್ಟು ಆ ಲೋಟವನ್ನೇ ತೆಗೆಯಿರಿ. ಬೆಳಗಿನದಕ್ಕೆ 5 ಗ್ರಾಂ ಪುಡಿ ಹಾಕಿದರೆ 100, ಸಂಜೆಯ ಟೀ 40. ಒಟ್ಟು 140ಕ್ಕೆ ಬಂತು. ಮಗುವಿಗೆ ಹಾಲು ಕುಡಿಸಿದ ಮೇಲೆ ಕಾಫಿ ಕುಡಿದರೆ ಮುಂದಿನ ಸಲಕ್ಕೆ ಸ್ವಲ್ಪ ಅಂತರ ಸಿಗುತ್ತದೆ. ಆದರೆ ಮರುದಿನವೇ ಮಗು ನಿದ್ದೆ ಮಾಡುತ್ತದೆ ಎಂದು ಕಾಯಬೇಡಿ. ಮೂರು ವಾರದ ಮಗುವಿನ ಮೈಯಿಂದ ಕೂಡಿಟ್ಟದ್ದು ಹೋಗಲು ಒಂದು ವಾರಕ್ಕೂ ಜಾಸ್ತಿ ಬೇಕು.

ತಲೆನೋವಿಗೆ ಏನು ನುಂಗಬೇಕು?

ಬರೀ ಪ್ಯಾರಸಿಟಮಾಲ್. ಮಾತ್ರೆಯ ಸ್ಟ್ರಿಪ್ ತಿರುಗಿಸಿ, ಜೊತೆಗೆ ಬೇರೆ ಹೆಸರು ಇದೆಯಾ ನೋಡಿ. ಹೊಲಿಗೆಯ ನೋವಿಗೆ ಡಾಕ್ಟರುಗಳು ಕೊಡುವ ಐಬುಪ್ರೊಫೆನ್ ಕೂಡ ಸರಿಯೇ. ಅದು ರಕ್ತದಲ್ಲಿರುವ ಪ್ರೋಟೀನಿಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂದರೆ ಹಾಲಿಗೆ ದಾಟುವುದು ತೀರಾ ಕಡಿಮೆ. ಹೊಟ್ಟೆ ಹುಣ್ಣು, ಆಸ್ತಮಾ ಇರುವವರು ಮಾತ್ರ ಕೇಳಿ ತೆಗೆದುಕೊಳ್ಳಬೇಕು. ನೋವಿಗೆಂದು ಆಸ್ಪಿರಿನ್ ಬೇಡ.

ನಿಜವಾಗಿ ಹೆದರಬೇಕಾದದ್ದು ಕೋಡೀನ್ ಇರುವ ಕೆಮ್ಮಿನ ಸಿರಪ್‌ಗೆ. ಕೆಲವು ತಾಯಂದಿರ ದೇಹ ಕೋಡೀನನ್ನು ಬಹಳ ಬೇಗ ಮಾರ್ಫಿನ್ ಮಾಡುತ್ತದೆ. ಅದು ಹಾಲಿಗೆ ಬಂದು ಮಗುವಿನ ಉಸಿರನ್ನೇ ನಿಧಾನ ಮಾಡಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಕೋಡೀನ್, ನೋವಿನ ಮಾತ್ರೆ ಟ್ರಾಮಡಾಲ್ ಎರಡನ್ನೂ ಹಾಲುಣಿಸುವಾಗ ಬೇಡ ಎಂದಿತು. ತಾಯಿ ಇಂಥದ್ದು ನುಂಗಿದ ಮೇಲೆ ಮಗು ಎಬ್ಬಿಸಿದರೂ ಏಳದಿದ್ದರೆ, ಚೀಪಲು ಶಕ್ತಿ ಇಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು.

ಮಳೆಗಾಲದ ಮೂಗು ಕಟ್ಟುವಿಕೆಗೆ ನುಂಗುವ ಸೂಡೋಎಫೆಡ್ರಿನ್ ಮಗುವಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ಹಾಲನ್ನೇ ಇಳಿಸುತ್ತದೆ. ಒಂದು ಚಿಕ್ಕ ಅಧ್ಯಯನದಲ್ಲಿ 60 ಮಿಲಿಗ್ರಾಂನ ಒಂದೇ ಡೋಸಿಗೆ ಆ ದಿನದ ಹಾಲು ಕಾಲು ಭಾಗದಷ್ಟು ಕಡಿಮೆಯಾಯಿತು. ಬಿಸಿನೀರಿನ ಹಬೆ ಸಾಕು.

ಇನ್ನು ಖಾರ

ಪಂದಿ ಕರಿಯ ಕಾಳುಮೆಣಸು, ಕಾಚಂಪುಳಿ ಬಾಣಂತಿಗೆ ಆಗುವುದಿಲ್ಲ ಎನ್ನುವವರಿದ್ದಾರೆ. ಹುಳಿ ತಿಂದರೆ ಹಾಲು ಹುಳಿಯಾಗುವುದಿಲ್ಲ. ಜರ್ಮನಿಯಲ್ಲಿ ಮಸಾಲೆ ಊಟ ಮಾಡಿದ ತಾಯಂದಿರ ಹಾಲು ಪರೀಕ್ಷಿಸಿದಾಗ ಕಾಳುಮೆಣಸಿನ ಪೈಪರೀನ್ ಸಿಕ್ಕಿತ್ತು, ಆದರೆ ನಾಲಿಗೆಗೆ ಖಾರ ಗೊತ್ತಾಗದಷ್ಟು ಕಡಿಮೆ. ಬೆಳ್ಳುಳ್ಳಿಯ ವಾಸನೆ ಹಾಲಿಗೆ ಬರುತ್ತದೆ, ಅದಕ್ಕೆ ಮಕ್ಕಳು ಹಾಲು ಬಿಡುವುದಿಲ್ಲ, ಇನ್ನೂ ಸ್ವಲ್ಪ ಹೊತ್ತು ಚೀಪುತ್ತವೆ. ತಾಯಿಯ ಹೊಟ್ಟೆ ಉರಿಯದಷ್ಟು ಖಾರ ತಿನ್ನಲಿ. ಒಂದು ಅಡುಗೆ ತಿಂದಾಗಲೆಲ್ಲ ಮಗು ಅಳುತ್ತದೆ ಅನಿಸಿದರೆ ಅದೊಂದನ್ನೇ ಒಂದು ವಾರ ಬಿಟ್ಟು, ಮತ್ತೆ ತಿಂದು ನೋಡಲಿ.

ಹೆರಿಗೆಯಾದ ಮೇಲೆ ಸರ್ಕಾರದಿಂದ ಆರು ತಿಂಗಳಿಗೆಂದು ಕೊಡುವ ಕಬ್ಬಿಣದ ಮಾತ್ರೆಯನ್ನು ಮಾತ್ರ ಬೆಳಗಿನ ಕಾಫಿ ಜೊತೆ ನುಂಗಬೇಡಿ. ಕಾಫಿ, ಟೀ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತವೆ. ಒಂದೆರಡು ಗಂಟೆ ಬಿಟ್ಟು, ನಿಂಬೆ ಹಿಂಡಿದ ನೀರಿನ ಜೊತೆ ತೆಗೆದುಕೊಳ್ಳಿ.