ಕಾಶಿಗೆ 30 ಜನ: ಏಜೆಂಟರಿಗೆ ನಾನು ಬರೆದ ಎರಡನೇ ಮೇಲ್

ನಮ್ಮ ಭಜನಾ ಮಂಡಳಿಯ 30 ಜನರನ್ನು ಕಾಶಿಗೆ ಕಳಿಸುವ ಕೆಲಸ ನನ್ನ ತಲೆಗೆ ಬಂತು. ಎಲ್ಲರೂ 60 ದಾಟಿದವರು, ಹಿರಿಯಜ್ಜಿಗೆ 83. ಮೊದಲು ಮೂವರು ಏಜೆಂಟರಿಗೆ ಒಂದೇ ಸಾಲಿನ ಮೇಲ್ ಹಾಕಿದೆ: "30 ಜನ, ಬೆಂಗಳೂರಿನಿಂದ ವಾರಾಣಸಿ, ಎಷ್ಟಾಗುತ್ತೆ?" ಒಬ್ಬರು ತೆರಿಗೆ ಬಿಟ್ಟು ದರ ಹೇಳಿದರು. ಇನ್ನೊಬ್ಬರದ್ದು ದೆಹಲಿಯಲ್ಲಿ ವಿಮಾನ ಬದಲಿಸುವ ದಾರಿ. ಮೂರನೆಯವರು ವೆಬ್‌ಸೈಟಿನ ದರವನ್ನೇ 30ರಿಂದ ಗುಣಿಸಿ ಕಳಿಸಿದ್ದರು. ಹೋಲಿಸುವುದು ಹೇಗೆ?

ಆ ಗುಣಾಕಾರದಲ್ಲೇ ಮೋಸ ಹೋಗೋದು. ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 9 ಜನರಿಗಷ್ಟೇ ಟಿಕೆಟ್ ಮಾಡಬಹುದು. ಕಾಣುವ ಕಡಿಮೆ ದರಕ್ಕೆ ನಾಲ್ಕೇ ಸೀಟು ಉಳಿದಿರಬಹುದು. 9 ಜನ ಅಂತ ಹಾಕಿದ ಕೂಡಲೇ ಎಲ್ಲರಿಗೂ ಮುಂದಿನ ದುಬಾರಿ ದರವೇ ಬೀಳುತ್ತದೆ. ಅದಕ್ಕೇ ಗ್ರೂಪ್ ದರ ಬೇರೆಯಾಗಿ ಕೇಳಬೇಕು. ಅದು ಯಾವಾಗಲೂ ಅಗ್ಗ ಅಂತೇನಿಲ್ಲ. ಆದರೆ ಮುಂಗಡ ಕಟ್ಟಿ ಸೀಟು ಹಿಡಿದು, ಹೆಸರು ಆಮೇಲೆ ಕೊಡಬಹುದು. ವಯಸ್ಸಾದವರ ಗುಂಪಿಗೆ ಇದೇ ದೊಡ್ಡ ಅನುಕೂಲ.

ಎರಡನೇ ಸಲ ಮೂವರಿಗೂ ಹೀಗೆ ಬರೆದೆ:

"ನಮಸ್ಕಾರ ಸರ್. ನವೆಂಬರ್ 18ಕ್ಕೆ ಬೆಂಗಳೂರಿನಿಂದ ವಾರಾಣಸಿಗೆ 30 ಹಿರಿಯರಿಗೆ ಗ್ರೂಪ್ ದರ ಬೇಕು. ಎಲ್ಲರೂ ಒಂದೇ ವಿಮಾನದಲ್ಲಿ ಹೋಗಬೇಕು, ನಡುವೆ ಬದಲಿಸುವುದು ಬೇಡ. ಬೆಳಿಗ್ಗೆ 8ಕ್ಕೆ ಮುಂಚೆ ಹೊರಡುವುದೂ ಬೇಡ. ಏಳು ಜನರಿಗೆ ವೀಲ್‌ಚೇರ್ ಬೇಕು. ಅವರಲ್ಲಿ ಐವರು ಮೆಟ್ಟಿಲು ಹತ್ತಬಲ್ಲರು, ಇಬ್ಬರಿಗೆ ಆಗುವುದಿಲ್ಲ. ತಲೆಗೆ ಎಷ್ಟು ಎಂಬುದನ್ನು ತೆರಿಗೆ, ನಿಮ್ಮ ಸರ್ವೀಸ್ ಚಾರ್ಜ್ ಎಲ್ಲ ಸೇರಿಸಿ ತಿಳಿಸಿ. ಲಗೇಜ್ ಎಷ್ಟು ಕೆಜಿ? ದರ ಎಷ್ಟು ಹೊತ್ತು ನಿಲ್ಲುತ್ತದೆ? ಮುಂಗಡ ಎಷ್ಟು? ಹೆಸರಿನ ಪಟ್ಟಿಗೆ ಕೊನೆಯ ದಿನ ಯಾವುದು? ಒಬ್ಬಿಬ್ಬರು ಬಿಟ್ಟರೆ ಎಷ್ಟು ಹಣ ವಾಪಸ್?"

ವೀಲ್‌ಚೇರ್ ಸಾಲಿಗೆ ಮನೆಮನೆಗೆ ಫೋನ್ ಮಾಡಿದ್ದೆ. "ನಂಗೇನೂ ಬೇಡಪ್ಪ" ಅಂದವರೇ ಜಾಸ್ತಿ. "ಮಹಡಿ ಹತ್ತುತ್ತೀರಾ ಅಜ್ಜಿ?" ಅಂತ ಕೇಳಿದಾಗ ನಿಜ ಹೊರಬಂತು. ದೂರ ನಡೆಯಲಾಗದವರು, ಮೆಟ್ಟಿಲೇ ಹತ್ತಲಾಗದವರು ಅಂತ ವಿಮಾನದವರು ಬೇರೆ ಬೇರೆ ಗುರುತು ಹಾಕಿಕೊಳ್ಳುತ್ತಾರೆ. ಸುಮ್ನೆ "7 ವೀಲ್‌ಚೇರ್" ಅಂದರೆ ಸಾಲದು.

ಹಿರಿಯ ನಾಗರಿಕರ ರಿಯಾಯಿತಿಯನ್ನೂ ಕೇಳಿದ್ದೆ. ಗ್ರೂಪ್ ದರದ ಮೇಲೆ ಅದು ಸಿಗಲ್ಲ ಅಂದರು.

ಈ ಸಲ ಮೂರೂ ಉತ್ತರ ಪಕ್ಕಪಕ್ಕ ಇಟ್ಟು ನೋಡುವಂತಿದ್ದವು. ನಾನು ಆರಿಸಿದ್ದು ಎಲ್ಲಕ್ಕಿಂತ ಕಡಿಮೆಯದನ್ನಲ್ಲ, ಹೆಸರಿಗೆ ಹೆಚ್ಚು ದಿನ ಕೊಟ್ಟವರನ್ನು. ಪಟ್ಟಿ ಕಳಿಸುವ ಎರಡು ದಿನ ಮುಂಚೆ ಒಬ್ಬರಿಗೆ ಕಣ್ಣಿನ ಆಪರೇಷನ್ ಅಂತ ಗೊತ್ತಾಯಿತು. ಅವರ ಜಾಗಕ್ಕೆ ತಂಗಿಯ ಹೆಸರನ್ನು ಆಧಾರ್‌ನಲ್ಲಿ ಇದ್ದಂತೆಯೇ ಬರೆದು ಕಳಿಸಿದೆ.