ಎಚ್‌ಡಿ ಪ್ಲಾನ್ ಇದ್ದರೂ ಮಸುಕು ಚಿತ್ರ: ತಪ್ಪು ಸ್ಪ್ಲಿಟರ್‌ನಲ್ಲಿತ್ತು

ಎಚ್‌ಡಿ ಪ್ಲಾನ್‌ಗೆ ದುಡ್ಡು ಕಟ್ಟಿದ್ದರೂ ಟಿವಿಯಲ್ಲಿ 480p ಮಾತ್ರ ಬರುತ್ತಿತ್ತು. ಸಬ್‌ಟೈಟಲ್ ಅಕ್ಷರಗಳು ಚೂಪಾಗಿದ್ದವು, ಮುಖಗಳು ಮಾತ್ರ ಮಸುಕು.

ಮೊದಲು ನೆಟ್ ಮೇಲೆ ಅನುಮಾನ. ಸ್ಟ್ರೀಮಿಂಗ್ ಬಾಕ್ಸ್‌ನಲ್ಲೇ ವೇಗ ನೋಡಿದೆ, 40 Mbps. 1080pಗೆ ಸಾಮಾನ್ಯವಾಗಿ 5 Mbps ಸಾಕು. ಅದೇ ಬಾಕ್ಸ್‌ನಲ್ಲಿ ಉಚಿತ ವಿಡಿಯೊ ಒಂದು 1080pಯಲ್ಲಿ ಸಲೀಸಾಗಿ ಓಡಿತು. ಅಂದರೆ ನೆಟ್ಟೂ ಸರಿ, ಟಿವಿಯೂ ಸರಿ. ತೊಂದರೆ ಇರೋದು ಕಾಪಿ ರಕ್ಷಣೆ ಇರುವ ವಿಡಿಯೊಗೆ ಮಾತ್ರ!

ಸುಮ್ನೆ ಎಚ್‌ಡಿಎಂಐ ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ. ಆಮೇಲೆ ಬಾಕ್ಸ್ ಹಿಂದಿನ ಸ್ಪ್ಲಿಟರ್ ನೆನಪಾಯಿತು. ಅದರ ಒಂದು ಬಾಯಿಗೆ ಟಿವಿ, ಇನ್ನೊಂದಕ್ಕೆ ವಿಜಿಎ ಕನ್ವರ್ಟರ್ ಮೂಲಕ ಹಳೇ ಪ್ರೊಜೆಕ್ಟರ್. ಎಚ್‌ಡಿ ಕಳಿಸುವ ಮುಂಚೆ ಬಾಕ್ಸ್, ಆ ಕಡೆ ಇರುವ ಪರದೆಗಳು ಎಚ್‌ಡಿಸಿಪಿ ಎಂಬ ಕಾಪಿ ರಕ್ಷಣೆಯನ್ನು ಒಪ್ಪುತ್ತವೆಯೇ ಎಂದು ಕೇಳುತ್ತದೆ. ವಿಜಿಎ ಅನಲಾಗ್, ಅದರಲ್ಲಿ ಎಚ್‌ಡಿಸಿಪಿ ಇಲ್ಲ. ಪ್ರೊಜೆಕ್ಟರ್ ಆಫ್ ಆಗಿದ್ದರೂ ಕನ್ವರ್ಟರ್ ಸಿಕ್ಕಿಸಿಯೇ ಇತ್ತು ನೋಡಿ. ಇಂಥಾಗ ಕೆಲವು ಆ್ಯಪ್‌ಗಳು ಕಪ್ಪು ಪರದೆ ತೋರಿಸುತ್ತವೆ, ನನ್ನದು ಬಾಯಿಬಿಡದೆ ಗುಣಮಟ್ಟ ಇಳಿಸಿತ್ತು.

ಸ್ಪ್ಲಿಟರ್ ತೆಗೆದು ಬಾಕ್ಸನ್ನು ನೇರವಾಗಿ ಟಿವಿಗೆ ಸಿಕ್ಕಿಸಿ, ಬಾಕ್ಸ್ ರೀಸ್ಟಾರ್ಟ್ ಮಾಡಿದೆ. 720p ಬಂತು. ಉಳಿದದ್ದು ನನ್ನದೇ ತಪ್ಪು: ಯಾವತ್ತೋ ಆ್ಯಪ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಹಾಕಿದ್ದೆ. ಅದನ್ನು ತೆಗೆದು ಅರ್ಧ ನಿಮಿಷ ಕಾದೆ, 1080pಗೆ ಏರಿತು. ಪ್ರೊಜೆಕ್ಟರ್ ಬೇಕಾದಾಗ ಈಗ ಸ್ಪ್ಲಿಟರ್ ಕೈಯಾರೆ ಸಿಕ್ಕಿಸುತ್ತೇನೆ.